ಹಿನ್ನೆಲೆ ಸಂಗೀತ ನಿಮ್ಮ ಮಾತನ್ನು ನುಂಗದಿರಲಿ

ಕನ್ನಡದಲ್ಲಿ ನಾವು ಮುಖ್ಯವಾದ ಮಾತನ್ನು ವಾಕ್ಯದ ಬಾಲದಲ್ಲಿ ಇಡುತ್ತೇವೆ. "ಮೋಡ ಕಟ್ಟಿದ ದಿನ ಔಷಧಿ ಹೊಡೀಬೇಕು" ಅನ್ನೋದಕ್ಕೂ "ಹೊಡೀಬಾರ್ದು" ಅನ್ನೋದಕ್ಕೂ ವ್ಯತ್ಯಾಸ ಇರೋದು ಕೊನೆಯ ಒಂದು ತುಣುಕಿನಲ್ಲಿ. ಆದರೆ ಮಾತಾಡುವವನ ಉಸಿರು ಮುಗಿಯುವುದೂ, ದನಿ ಇಳಿಯುವುದೂ ಅಲ್ಲೇ. ವಿಡಿಯೋಗೆ ಹಾಕಿದ ಹಿನ್ನೆಲೆ ಸಂಗೀತ ಮಾತ್ರ ಇಳಿಯೋದಿಲ್ಲ, ಅದು ಒಂದೇ ಸಮನೆ ಹೋಗುತ್ತಿರುತ್ತದೆ. ಹಾಗಾಗಿ ವಾಕ್ಯದ ಮೊದಲರ್ಧ ಚೆನ್ನಾಗಿ ಕೇಳಿಸಿ, "ಬೇಕೋ ಬಾರದೋ" ಅನ್ನುವ ಕೊನೆ ಮಾತ್ರ ಮುಳುಗಿ ಹೋಗುತ್ತದೆ. ಸಂಖ್ಯೆಗಳ ಕತೆಯೂ ಅಷ್ಟೇ. "ಮೂರು ಗ್ರಾಂ", "ನೂರು ಗ್ರಾಂ" ಎರಡನ್ನೂ ಬಾಯಲ್ಲಿ ಹೇಳಿ ನೋಡಿ. ಬೇರೆ ಇರೋದು ಮೊದಲ ಒಂದು ವ್ಯಂಜನ ಮಾತ್ರ, ಅದೂ ಮೂಗಿನಲ್ಲಿ ಹುಟ್ಟುವ ಮೆದು ಸದ್ದು. ಕೊಳಲೊಂದು ಮೇಲೆ ನುಡಿಯುತ್ತಿದ್ದರೆ ಕೇಳುವವನಿಗೆ ಉಳಿಯೋದು "ಊರು ಗ್ರಾಂ" ಅಷ್ಟೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಈಗ ತೋಟದಲ್ಲೇ ನಿಂತು ಒಂದು ಒಂದೂವರೆ ನಿಮಿಷದ ವಿಡಿಯೋ ಮಾಡಿ ಹಾಕುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಮಾಡೋದು, ಕಾಳುಮೆಣಸಿನ ಬಳ್ಳಿ ನೆಡೋದು, ಅಪ್ಪೆಮಿಡಿ ಕಸಿ ಕಟ್ಟೋದು ಹೀಗೆ. ಬಹಳಷ್ಟು ವಿಡಿಯೋಗಳಲ್ಲಿ ಮಾಹಿತಿ ಸರಿಯಾಗಿರುತ್ತದೆ, ಕೆಡೋದು ಹಿನ್ನೆಲೆ ಸಂಗೀತದಲ್ಲಿ. ಒಂದೋ ಹಾಡು ಯಾರದ್ದೋ ಹಕ್ಕಿನದ್ದಾಗಿರುತ್ತದೆ, ಇಲ್ಲಾ ಮಾತಿಗಿಂತ ಜೋರಾಗಿರುತ್ತದೆ. ಹಲವು ಸಲ ಎರಡೂ.

ಹೊಸನಗರದ ಕಡೆಯ ನನ್ನ ಸ್ನೇಹಿತನೊಬ್ಬ ಮಾಡಿದ ವಿಡಿಯೋವನ್ನೇ ಇಟ್ಟುಕೊಂಡು ನೋಡೋಣ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲಿನ ಸಿಂಪಡಣೆಗೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವ ಕ್ರಮ ಅದು. ಒಟ್ಟು 80 ಸೆಕೆಂಡು. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸೋದು, ಒಂದು ಕೆಜಿ ಸುಣ್ಣವನ್ನು ಬೇರೆ ಡ್ರಮ್ಮಿನ 50 ಲೀಟರ್ ನೀರಿನಲ್ಲಿ ಕಲಸೋದು, ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸೋದು. ಕ್ರಮ ತಿರುಗಾಮುರುಗಾ ಆದರೆ ದ್ರಾವಣ ದಪ್ಪ ಕಣವಾಗಿ ಬೇಗ ತಳ ಸೇರುತ್ತದೆ, ಕೊನೆಗೆ ಸರಿಯಾಗಿ ಅಂಟೋದಿಲ್ಲ. ಅವನು ಹೇಳಿದ್ದೆಲ್ಲ ಸರಿಯೇ ಇತ್ತು. ಆದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೇಲೆ ಹಿರಿಯರೊಬ್ಬರು ದನಿ ಸಂದೇಶ ಕಳಿಸಿದರು: "ತಮ್ಮಾ, ಸುಣ್ಣಕ್ಕೆ ತುತ್ತ ಹಾಕದೋ, ತುತ್ತಕ್ಕೆ ಸುಣ್ಣ ಹಾಕದೋ? ಎಂತದೂ ತಿಳೀಲಿಲ್ಲ ಮಾರಾಯ." ಆ "ಕ್ಕೆ" ಅನ್ನುವ ಪ್ರತ್ಯಯ ಸಿನಿಮಾ ಹಾಡಿನ ಕೊಳಲಿನ ಅಡಿಗೆ ಹೋಗಿತ್ತು. ಯೂಟ್ಯೂಬಿನಲ್ಲಿ ಹಾಕಿದ ಅದೇ ವಿಡಿಯೋಗೆ ಮಾರನೇ ದಿನ ಕಾಪಿರೈಟ್ ಸೂಚನೆಯೂ ಬಂತು. ಕೂತು ಅದನ್ನೇ ಮತ್ತೆ ಮಾಡಿದೆವು. ಮುಂದೆ ಬರೆದಿರೋದು ಆ ಕೆಲಸದ ಲೆಕ್ಕ.

ಯಾವ ಸಂಗೀತ ಹಾಕಬಹುದು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ರಾಯಲ್ಟಿ ಫ್ರೀ ಅಂದರೆ ಹಕ್ಕು ಇಲ್ಲದ್ದು ಅಂತಲ್ಲ, ಪುಕ್ಕಟೆ ಅಂತಲೂ ಅಲ್ಲ. ಬಳಸಿದ ಪ್ರತಿ ಸಲಕ್ಕೂ ಪ್ರತ್ಯೇಕ ದುಡ್ಡು ಕೊಡಬೇಕಾಗಿಲ್ಲ ಅಂತ ಅಷ್ಟೇ ಅರ್ಥ. ಹಕ್ಕು ಸಂಗೀತಗಾರನ ಹತ್ತಿರವೇ ಇರುತ್ತದೆ, ನಿಮಗೆ ಸಿಗೋದು ಕೆಲವು ಷರತ್ತುಗಳ ಮೇಲಿನ ಅನುಮತಿ. ಆ ಅನುಮತಿಗೆ ಲೈಸೆನ್ಸ್ ಅನ್ನುತ್ತಾರೆ. ಗದ್ದೆ ಗೇಣಿಗೆ ಕೊಟ್ಟ ಹಾಗೆ ಅಂದುಕೊಳ್ಳಿ, ಪಹಣಿಯಲ್ಲಿ ಹೆಸರು ಬದಲಾಗೋದಿಲ್ಲ.

ಯೂಟ್ಯೂಬಿನಲ್ಲಿ "ನೋ ಕಾಪಿರೈಟ್ ಮ್ಯೂಸಿಕ್" ಅಂತ ಹುಡುಕಿದರೆ ಸಾವಿರ ಸಿಗುತ್ತವೆ. ಅವನ್ನು ನಾನು ಮುಟ್ಟೋದಿಲ್ಲ. ಹಾಕಿದವನೇ ಅದರ ಒಡೆಯ ಅನ್ನೋದಕ್ಕೆ ಅಲ್ಲಿ ಯಾವ ಆಧಾರವೂ ಇರೋದಿಲ್ಲ. "30 ಸೆಕೆಂಡಿನ ಒಳಗೆ ಇದ್ದರೆ ಏನೂ ಆಗೋದಿಲ್ಲ" ಅಂತ ಹೇಳುವವರೂ ಇದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಇಲ್ಲ.

ತೀರ್ಥಹಳ್ಳಿ ಕಡೆಯವರಿಗೆ ಇನ್ನೊಂದು ಆಸೆ ಇರುತ್ತದೆ. ಹಸಿರು ಗುಡ್ಡ ತೋರಿಸುವಾಗ ಕುವೆಂಪು ಗೀತೆ ಬರಲಿ ಅಂತ. ಆಸೆ ಸಹಜವೇ. ಆದರೆ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ ಅವರ ಪದ್ಯಗಳ ಹಕ್ಕು 2054ರ ಕೊನೆಯವರೆಗೂ ಇದೆ. ಅದರ ಮೇಲೆ ರಾಗ ಹಾಕಿದವರದ್ದು ಬೇರೆ ಹಕ್ಕು, ಧ್ವನಿಮುದ್ರಣ ಮಾಡಿದ ಕಂಪನಿಯದ್ದು ಇನ್ನೊಂದು. ಪುರಂದರದಾಸರ ಪದಕ್ಕೆ ಹಕ್ಕಿನ ಅವಧಿ ಅನ್ನುವ ಪ್ರಶ್ನೆಯೇ ಇಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಹೋದ ವರ್ಷ ಯಾರೋ ಹಾಡಿ ಬಿಡುಗಡೆ ಮಾಡಿದ ಕ್ಯಾಸೆಟ್ಟನ್ನೋ ಕಡತವನ್ನೋ ಎತ್ತಿ ಹಾಕುವಂತಿಲ್ಲ, ಮುದ್ರಣಕ್ಕೆ ಅದರದ್ದೇ 60 ವರ್ಷ ಇದೆ. ದೀಪಾವಳಿಯ ಅಂಟಿಗೆ ಪಂಟಿಗೆ ಹಾಡಿಗೂ ಇದೇ ಮಾತು. ಪದ ಎಲ್ಲರದ್ದು, ಧ್ವನಿಮುದ್ರಣ ಅದನ್ನು ಮಾಡಿದವರದ್ದು. ನಿಮ್ಮ ಊರಿನ ತಂಡ ಮನೆ ಬಾಗಿಲಿಗೆ ಬಂದಾಗ ನೀವೇ ಫೋನಿನಲ್ಲಿ ಮುದ್ರಿಸಿಕೊಂಡರೆ ಮುದ್ರಣ ನಿಮ್ಮದಾಯಿತು, ಆದರೂ ಹಾಡಿದವರನ್ನು ಕೇಳಿಯೇ ಬಳಸಬೇಕು. ಹಾಡುವವರಿಗೂ ಕಾಯ್ದೆ ಹಕ್ಕು ಕೊಟ್ಟಿದೆ.

ಹಾಗಾದರೆ ಎಲ್ಲಿಂದ ತರೋದು? ಯೂಟ್ಯೂಬಿಗೆ ಹಾಕುವವರಿಗೆ ಎಲ್ಲಕ್ಕಿಂತ ತಲೆನೋವು ಕಡಿಮೆ ಇರುವ ಜಾಗ ಯೂಟ್ಯೂಬಿನದ್ದೇ ಸಂಗೀತ ಭಂಡಾರ. ಫೋನಿನ ಬ್ರೌಸರಿನಲ್ಲಿ `studio.youtube.com` ತೆರೆಯಿರಿ. ಅದು ಆ್ಯಪಿಗೆ ತಳ್ಳಿದರೆ ಬ್ರೌಸರಿನ ಮೂರು ಚುಕ್ಕೆ ಒತ್ತಿ `Desktop site` ಆರಿಸಿ. ಎಡಗಡೆಯ ಪಟ್ಟಿಯಲ್ಲಿ ಕೆಳಗೆ `Audio library` ಇದೆ. ಪರದೆ ಚಿಕ್ಕದಾಗಿ ಕಣ್ಣು ಕಿರಿದು ಮಾಡಬೇಕಾಗುತ್ತದೆ, ಆದರೆ ಒಂದು ಸಲ ಕೂತು ನಾಲ್ಕೈದು ಹಾಡು ಇಳಿಸಿಕೊಂಡರೆ ಇಡೀ ಹಂಗಾಮಿಗೆ ಸಾಕು.

ಅಲ್ಲಿ ಎರಡು ಜಾತಿಯ ಹಾಡುಗಳಿವೆ. ಒಂದು ಯೂಟ್ಯೂಬ್ ಭಂಡಾರದ ಲೈಸೆನ್ಸಿನದ್ದು, ಅದಕ್ಕೆ ಹೆಸರು ಹಾಕಬೇಕಾಗಿಲ್ಲ. ಇನ್ನೊಂದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನದ್ದು, ಸಂಗೀತಗಾರನ ಹೆಸರನ್ನು ವಿಡಿಯೋದ ವಿವರಣೆಯಲ್ಲಿ ಕೊಡಲೇಬೇಕು. ಹುಡುಕುವ ಪಟ್ಟಿಯಲ್ಲಿ `Attribution not required` ಅನ್ನು ಆರಿಸಿದರೆ ಮೊದಲ ಜಾತಿಯವು ಮಾತ್ರ ಉಳಿಯುತ್ತವೆ. ಹೊಸಬರು ಅದನ್ನೇ ಆರಿಸಿ ಅಂತ ನನ್ನ ಸಲಹೆ. ಜೊತೆಗೆ `Mood` ಒತ್ತಿ `Calm` ಆರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಸರು ಕೊಡಬೇಕಾದ ಹಾಡು ತುಂಬ ಹಿಡಿಸಿತು ಅಂತಿಟ್ಟುಕೊಳ್ಳಿ. ಕೆವಿನ್ ಮೆಕ್ಲಿಯಾಡ್ ಅನ್ನುವ ಅಮೆರಿಕದ ಸಂಗೀತಗಾರ ತನ್ನ ನೂರಾರು ರಚನೆಗಳನ್ನು ಹೀಗೆ ಹೆಸರು ಕೊಟ್ಟರೆ ಸಾಕು ಅಂತ ಬಿಟ್ಟಿದ್ದಾರೆ. ಅವರ ಒಂದು ಹಾಡು ಬಳಸಿದರೆ ವಿವರಣೆಯಲ್ಲಿ ಹಾಕಬೇಕಾದ ಸಾಲು ಹೀಗಿರುತ್ತದೆ:

```
"Carefree" Kevin MacLeod (incompetech.com)
Licensed under Creative Commons: By Attribution 4.0 License
http://creativecommons.org/licenses/by/4.0/
```

ಇದನ್ನು ಅನುವಾದ ಮಾಡಲು ಹೋಗಬೇಡಿ, ಇದ್ದ ಹಾಗೇ ಅಂಟಿಸಿ. ಬೇರೆ ತಾಣಗಳಲ್ಲಿ ಹುಡುಕುವಾಗ ಲೈಸೆನ್ಸಿನ ಹೆಸರಿನಲ್ಲಿರುವ ಅಕ್ಷರಗಳನ್ನು ನೋಡಿ. `NC` ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಿಮ್ಮ ವಿಡಿಯೋದಲ್ಲಿ ಮಿಡಿ ಉಪ್ಪಿನಕಾಯಿಗೆ ಆರ್ಡರ್ ಕೊಡಿ ಅಂತ ನಂಬರ್ ಹಾಕಿದ್ದರೆ ಅದು ವ್ಯಾಪಾರವೇ. `ND` ಇದ್ದರೆ ಹಾಡನ್ನು ಬದಲಿಸುವಂತಿಲ್ಲ, ಮತ್ತು ಚಿತ್ರಕ್ಕೆ ಹೊಂದಿಸಿ ಸಂಗೀತ ಹಾಕೋದನ್ನೇ ಆ ಲೈಸೆನ್ಸ್ ಬದಲಾವಣೆ ಅಂತ ಪರಿಗಣಿಸುತ್ತದೆ. ಹಾಗಾಗಿ ವಿಡಿಯೋಗೆ ಅದು ಬರೋದಿಲ್ಲ.

ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಗೊತ್ತಿರೋದಿಲ್ಲ. ಇನ್‌ಸ್ಟಾಗ್ರಾಮ್ ರೀಲ್ಸ್ ಒಳಗೆ ಸಿಗುವ ಸಿನಿಮಾ ಹಾಡುಗಳು ಆ ಜಾಗಕ್ಕೆ, ಸ್ವಂತ ಬಳಕೆಗೆ ಮಾತ್ರ. ಅಲ್ಲಿಂದ ಇಳಿಸಿ ಯೂಟ್ಯೂಬಿಗೆ ಹಾಕಿದರೆ ಅನುಮತಿ ಜೊತೆಗೆ ಬರೋದಿಲ್ಲ. ಮಾರಾಟಕ್ಕಾಗಿ ಖಾತೆಯನ್ನು ಬಿಸಿನೆಸ್ ಖಾತೆ ಮಾಡಿಕೊಂಡವರಿಗೆ ಆ ಹಾಡುಗಳ ಬಹುಪಾಲು ಕಾಣಿಸೋದೂ ಇಲ್ಲ. ಅವರಿಗೆ ಅಂತಲೇ ಮೆಟಾ ಸೌಂಡ್ ಕಲೆಕ್ಷನ್ ಇದೆ, ಅದನ್ನು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ ಬಳಸಬೇಕು. ಒಂದೇ ವಿಡಿಯೋವನ್ನು ಎಲ್ಲ ಕಡೆ ಹಾಕುವ ಅಭ್ಯಾಸ ಇದ್ದರೆ, ಎಲ್ಲ ಕಡೆಗೂ ಅನುಮತಿ ಇರುವ ಒಂದು ಹಾಡನ್ನು ಹುಡುಕಿ ಇಟ್ಟುಕೊಳ್ಳೋದು ಲೇಸು. ಮೇಲೆ ಹೇಳಿದ, ಹೆಸರು ಕೊಟ್ಟು ಬಳಸುವ ಜಾತಿಯವು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಹಾಡು ಇಳಿಸಿದ ಕೂಡಲೇ ಲೈಸೆನ್ಸ್ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದು, ಹಾಡಿನ ಕಡತ ಇರುವ ಫೋಲ್ಡರಿನಲ್ಲೇ ಇಡಿ. ಕಡತದ ಹೆಸರು ಬದಲಿಸಬೇಡಿ. ಕೆಲವು ತಾಣಗಳ ಉಚಿತ ಹಾಡುಗಳನ್ನು ಅದರ ಸಂಗೀತಗಾರರೇ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತಾರೆ. ಆಗ ಅನುಮತಿ ಇದ್ದರೂ ಯಂತ್ರ ಹಾಡನ್ನು ಗುರುತಿಸಿ ಸೂಚನೆ ಕಳಿಸುತ್ತದೆ. ನಿಮ್ಮ ಹತ್ತಿರ ದಾಖಲೆ ಇದ್ದರೆ ತಕರಾರು ಹಾಕಬಹುದು, ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಮೇ ತಿಂಗಳ ಬೋರ್ಡೋ ವಿಡಿಯೋ ಜೂನ್ ಕೊನೆಗೆ ಬಿಡುಗಡೆಯಾದರೆ ಯಾರಿಗೆ ಉಪಯೋಗ?

ನನ್ನ ಸ್ನೇಹಿತನಿಗೆ ಬಂದದ್ದು ಇದೇ ಬಗೆಯ ಸೂಚನೆ, ಇದನ್ನು ಕ್ಲೇಮ್ ಅನ್ನುತ್ತಾರೆ. ಇದಕ್ಕೂ ಸ್ಟ್ರೈಕಿಗೂ ವ್ಯತ್ಯಾಸ ಇದೆ. ಕ್ಲೇಮಿನಲ್ಲಿ ಹಕ್ಕುದಾರ ನಿಮ್ಮ ವಿಡಿಯೋದ ಜಾಹೀರಾತಿನ ಹಣ ತಾನು ತಗೊಳ್ಳಬಹುದು, ವಿಡಿಯೋ ಕಾಣದಂತೆ ತಡೆಯಬಹುದು, ಅಥವಾ ಸುಮ್ಮನೆ ಲೆಕ್ಕ ಇಡಬಹುದು. ಚಾನೆಲ್ಲಿಗೆ ಕುತ್ತು ಇಲ್ಲ. ಸ್ಟ್ರೈಕ್ ಅಂದರೆ ಹಕ್ಕುದಾರ ಕಾನೂನು ಪ್ರಕಾರ ತೆಗೆಸಿದ್ದು. ಅದು 90 ದಿನ ಇರುತ್ತದೆ, ಆ ಅವಧಿಯಲ್ಲಿ ಮೂರಾದರೆ ಚಾನೆಲ್ಲೇ ಹೋಗುತ್ತದೆ.

ಮಾತಿಗೆ ಜಾಗ ಬಿಡುವ ಹಾಡು

ಹಕ್ಕು ಸರಿ ಇದ್ದ ಮಾತ್ರಕ್ಕೆ ಹಾಡು ಮಾತಿನ ಕೆಳಗೆ ಕೂರೋದಿಲ್ಲ. ಇದರ ಕಾರಣ ಫೋನಿನ ಸ್ಪೀಕರಿನಲ್ಲಿದೆ. ಅಷ್ಟು ಚಿಕ್ಕ ಸ್ಪೀಕರಿನಿಂದ ಮಂದ್ರದ ಸದ್ದು ಹೆಚ್ಚುಕಮ್ಮಿ ಹೊರಗೇ ಬರೋದಿಲ್ಲ. ಡೊಳ್ಳಿನ ಗುಂಡಿಗೆ ನಡುಗಿಸುವ ಪೆಟ್ಟು ಫೋನಿನಲ್ಲಿ ಬರೇ "ಟಪ್" ಅಂತ ಕೇಳೋದು ಇದಕ್ಕೇ. ಉಳಿಯೋದು ನಡುವಿನ ಮತ್ತು ಮೇಲಿನ ಸದ್ದು. ಮನುಷ್ಯನ ಮಾತು ತಿಳಿಯೋದೂ ಅದೇ ಜಾಗದಲ್ಲಿ. ಅದರಲ್ಲೂ ತ, ಟ, ಕ, ಸ, ಶ ಇವುಗಳ ಗುರುತು ಇರೋದು ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಕಂಪನದ ಸುತ್ತಮುತ್ತ ಮತ್ತು ಅದರ ಮೇಲೆ. ಕೊಳಲು, ಪಿಟೀಲು, ಹಾರ್ಮೋನಿಯಂ ಎಲ್ಲವೂ ಬಂದು ಕೂರೋದು ಮಾತಿನ ಇದೇ ಪಟ್ಟಿಯೊಳಗೆ. ಒಂದೇ ಕಾಲುಸಂಕದ ಮೇಲೆ ಎರಡೂ ಕಡೆಯಿಂದ ಜನ ಬಂದ ಹಾಗಾಗುತ್ತದೆ.

ಆದ್ದರಿಂದ ಮಾತಿರುವ ವಿಡಿಯೋಗೆ ನಾನು ಹುಡುಕೋದು ಮೂರು ಇಲ್ಲದ ಹಾಡು: ಹಾಡುವ ಕಂಠ ಇಲ್ಲ, ಎದ್ದು ಕಾಣುವ ರಾಗ ಇಲ್ಲ, ನಡುವೆ ಧಡಕ್ಕನೆ ಏರುವ ಜಾಗ ಇಲ್ಲ. ತಂತಿಯನ್ನು ಮೆಲ್ಲಗೆ ಮೀಟುವ ಗಿಟಾರು, ಬಿಡಿಬಿಡಿಯಾಗಿ ಬೀಳುವ ಪಿಯಾನೋ, ಹೊಗೆಯ ಹಾಗೆ ಹರಡಿ ನಿಲ್ಲುವ ಕೀಬೋರ್ಡಿನ ನಾದ ಇಂಥವು ಚೆನ್ನಾಗಿ ಕೂರುತ್ತವೆ. ಕೇಳಲು ಬೋರು ಅನ್ನಿಸುವ ಹಾಡೇ ಹೆಚ್ಚಾಗಿ ಸರಿಯಾದ ಹಾಡು. ಯಾವ ಭಾಷೆಯದ್ದಾದರೂ ಪದ ಇರುವ ಹಾಡು ಮಾತ್ರ ಬೇಡ. ಕಿವಿ ಎರಡು ಮಾತನ್ನು ಒಟ್ಟಿಗೆ ಹಿಡಿಯೋದಿಲ್ಲ.

ಆರಿಸುವಾಗ ಸುಮ್ಮನೆ ಕೇಳಿ ತೀರ್ಮಾನ ಮಾಡಬೇಡಿ. ಹಾಡನ್ನು ಮನೆಯ ಇನ್ನೊಂದು ಫೋನಿನಲ್ಲಿ ಸಣ್ಣಗೆ ಹಚ್ಚಿಟ್ಟು, ನಿಮ್ಮ ಮಾತನ್ನು ಅದರ ಮೇಲೆ ಬಾಯಿ ಬಿಟ್ಟು ಓದಿ. ನಿಮ್ಮ ಮಾತಿನ ಓಟ ಹಾಡಿನ ತಾಳಕ್ಕೆ ಜಾರುತ್ತಿದೆ ಅನ್ನಿಸಿದರೆ ಆ ಹಾಡು ಬಿಡಿ. ಪೂರ್ತಿ ಕೇಳಿಯೇ ತಗೊಳ್ಳಿ. ಮೊದಲ 20 ಸೆಕೆಂಡು ತಣ್ಣಗಿದ್ದು ಅರ್ಧ ನಿಮಿಷಕ್ಕೆ ಡ್ರಮ್ಸ್ ಎದ್ದು ಬರುವ ಹಾಡುಗಳು ಬೇಕಷ್ಟಿವೆ.

ಬೋರ್ಡೋ ವಿಡಿಯೋಗೆ ನಾವು ಆರು ಹಾಡು ಕೇಳಿ ಗಿಟಾರಿನದ್ದೊಂದನ್ನು ಉಳಿಸಿಕೊಂಡೆವು. ಸ್ನೇಹಿತನಿಗೆ ಕೊಳಲು ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಮಾತಿಲ್ಲದ ಜಾಗದಲ್ಲಿ ಮಾತ್ರ ಕೊಳಲು ಇಡೋಣ ಅಂದದ್ದಕ್ಕೆ, "ಹಂಗಾರೆ ಬ್ಯಾಡ ಬಿಡು" ಅಂದ.

ಎಷ್ಟು ಇಳಿಸಬೇಕು

ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಕಿವಿ ಮಂದ ಇರುವವರನ್ನೂ ಗಮನದಲ್ಲಿಟ್ಟು ಒಂದು ಮಾರ್ಗಸೂಚಿ ಕೊಟ್ಟಿದೆ. ಹಿನ್ನೆಲೆಯ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಬೇಕು ಅಂತ. ಕಿವಿಗೆ ಅದು ಮಾತಿನ ಕಾಲು ಭಾಗದಷ್ಟು ಜೋರು ಅನ್ನಿಸುತ್ತದೆ. ನಮ್ಮ ವಿಡಿಯೋ ನೋಡುವವರಲ್ಲಿ ಅಪ್ಪ, ಅಜ್ಜನ ವಯಸ್ಸಿನವರು ಬಹಳ. ವಯಸ್ಸಾದಂತೆ ಮೊದಲು ಮಂದವಾಗೋದು ಮೇಲಿನ ಸದ್ದು, ಅಂದರೆ ವ್ಯಂಜನಗಳ ಗುರುತು. ಹಾಗಾಗಿ ಈ 20 ನಮಗೆ ಒಳ್ಳೆಯ ಗುರಿ.

ಇಲ್ಲಿ ಎಲ್ಲರೂ ಎಡವೋದು ಆ್ಯಪಿನ ಸ್ಲೈಡರಿನಲ್ಲಿ. 100ರಿಂದ 50ಕ್ಕೆ ಎಳೆದರೆ ಅರ್ಧ ಆಯಿತು, ಸಾಕು ಅನ್ನಿಸುತ್ತದೆ. ಸ್ಲೈಡರ್ ಸರಳ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದರೆ 50 ಅಂದರೆ ಬರೇ 6 ಡೆಸಿಬಲ್ ಇಳಿಕೆ. 20 ಡೆಸಿಬಲ್ ಇಳಿಸಬೇಕು ಅಂದರೆ 10ಕ್ಕೆ ತರಬೇಕು. ಕೆಲವು ಆ್ಯಪ್‌ಗಳ ಲೆಕ್ಕ ಬೇರೆ ಇರುತ್ತದೆ, ಆದರೆ 10ರಿಂದ ಶುರು ಮಾಡಿ ಮೇಲೆ ಕೆಳಗೆ ಮಾಡೋದು ಎಲ್ಲಾ ಕಡೆ ಸರಿಹೋಗುತ್ತದೆ. 50ರಿಂದ ಶುರು ಮಾಡಿ ಇಳಿಸುತ್ತಾ ಬಂದರೆ ಕಿವಿ ಹಾಡಿಗೆ ಒಗ್ಗಿಹೋಗಿ 25ರಲ್ಲೇ ನಿಂತುಬಿಡುತ್ತೀರಿ.

ಆದರೆ 10 ಅನ್ನುವ ಅಂಕಿಯೂ ಪೂರ್ತಿ ಸತ್ಯ ಅಲ್ಲ, ಯಾಕೆಂದರೆ ಹೊರಡುವ ಜಾಗವೇ ಬೇರೆ. ಸ್ಟುಡಿಯೋದಲ್ಲಿ ತಯಾರಾದ ಹಾಡು ಆಗಲೇ ಗಟ್ಟಿಯಾಗಿ ತುಂಬಿಸಿ ಬಂದಿರುತ್ತದೆ. ತೋಟದಲ್ಲಿ ತೋಳಿನಷ್ಟು ದೂರ ಫೋನ್ ಹಿಡಿದು ಆಡಿದ ಮಾತು ಅದಕ್ಕಿಂತ ಬಹಳ ಸಣ್ಣದು. ಸ್ನೇಹಿತನ ವಿಡಿಯೋದಲ್ಲಿ ಎರಡನ್ನೂ 100ರಲ್ಲಿಟ್ಟು ಅಳತೆ ತೋರಿಸುವ ಆ್ಯಪಿನಲ್ಲಿ ನೋಡಿದಾಗ ಮಾತು ಹಾಡಿಗಿಂತ ಸುಮಾರು 13 ಡೆಸಿಬಲ್ ಕೆಳಗಿತ್ತು. ಅಂದರೆ ಹಾಡನ್ನು 10ಕ್ಕೆ ಇಳಿಸಿದರೂ ಅದು ಮಾತಿನ ಕೆಳಗೆ ಬರೋದು 7 ಡೆಸಿಬಲ್ ಮಾತ್ರ. 20 ಬೇಕಾದರೆ ಸ್ಲೈಡರನ್ನು 2ರ ಹತ್ತಿರ ಇಡಬೇಕಾಗುತ್ತಿತ್ತು. ಅಷ್ಟು ಕೆಳಗೆ ಒಂದಂಕಿ ಅತ್ತಿತ್ತ ಆದರೂ ದೊಡ್ಡ ವ್ಯತ್ಯಾಸ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಹಾಡಿನಿಂದ ಅಲ್ಲ, ಮಾತಿನಿಂದ. ಮಾತನ್ನು ಆ್ಯಪಿನಲ್ಲಿ 200ಕ್ಕೆ ಏರಿಸಬಹುದು. ಅದರಿಂದ 6 ಡೆಸಿಬಲ್ ಸಿಗುತ್ತದೆ, ಆದರೆ ಮಾತಿನ ಜೊತೆ ಗಾಳಿ, ಜೀರುಂಡೆ, ದೂರದ ಮೋಟಾರಿನ ಸದ್ದೂ ಅಷ್ಟೇ ಏರುತ್ತದೆ. ಬಾಯಿ ಮತ್ತು ಮೈಕಿನ ಅಂತರ ಕಡಿಮೆ ಮಾಡೋದು ಇದಕ್ಕಿಂತ ಒಳ್ಳೆಯದು. ಬಯಲಲ್ಲಿ ಅಂತರ ಅರ್ಧ ಆದಾಗಲೆಲ್ಲ ಮಾತು ಸುಮಾರು 6 ಡೆಸಿಬಲ್ ಏರುತ್ತದೆ, ಸುತ್ತಲಿನ ಸದ್ದು ಇದ್ದಲ್ಲೇ ಇರುತ್ತದೆ. ನಾವು ಚಿತ್ರ ಹಾಗೇ ಇಟ್ಟುಕೊಂಡು ಮಾತನ್ನು ಮಾತ್ರ ಬೇರೆಯಾಗಿ ಮುದ್ರಿಸಿದೆವು. ಮನೆಯ ಒಳಕೋಣೆಯಲ್ಲಿ, ಕಂಬಳಿ ಹಾಸಿದ ಮಂಚದ ಪಕ್ಕ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ, ಉಸಿರು ನೇರ ಬಡಿಯದಂತೆ ಸ್ವಲ್ಪ ಓರೆಯಾಗಿ ಹಿಡಿದು. ವಾಕ್ಯದ ಕೊನೆಯಲ್ಲಿ ದನಿ ಬೀಳದ ಹಾಗೆ ನೋಡಿಕೊಂಡು. "ಹಾಕಬೇಕು" ಅನ್ನುವಾಗ "ಹಾಕ" ಎಷ್ಟು ಗಟ್ಟಿಯೋ "ಬೇಕು" ಕೂಡ ಅಷ್ಟೇ ಗಟ್ಟಿ. ಈ ಮಾತು ಹಾಡಿನ ಮಟ್ಟಕ್ಕೆ ಹೆಚ್ಚುಕಮ್ಮಿ ಸಮ ಬಂತು, ಹಾಡು 8ರಲ್ಲಿ ಸರಿಯಾಗಿ ಕೂತಿತು.

ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಆಗುಂಬೆ, ಹುಲಿಕಲ್ ಕಡೆಯ ಮಳೆ ತಗಡಿನ ಮಾಡಿನ ಮೇಲೆ ಬೀಳುವಾಗ ಆ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಪಟ್ಟಿಯನ್ನೂ ತುಂಬಿಕೊಂಡಿರುತ್ತದೆ. ಅದರ ಮೇಲೆ ಹಾಡು ಹಾಕಿದರೆ ಮಾತಿಗೆ ಎರಡು ಹೊದಿಕೆ. ಅಂಥ ವಿಡಿಯೋಗೆ ಹಾಡೇ ಬೇಡ, ಮಳೆಯೇ ಹಿನ್ನೆಲೆ. ಮಾತು ಮಾತ್ರ ಬೇರೆ ಮುದ್ರಿಸಿ, ಮಳೆಯನ್ನು 15ರ ಹತ್ತಿರ ಇಡಿ.

ಬೋರ್ಡೋ ವಿಡಿಯೋದ 80 ಸೆಕೆಂಡು

ಇಡೀ ವಿಡಿಯೋಗೆ ಹಾಡು ಒಂದೇ ಮಟ್ಟದಲ್ಲಿ ಇರಬೇಕು ಅಂತೇನಿಲ್ಲ. ನಾವು ಮಾಡಿದ್ದು ಹೀಗೆ. ಮೊದಲ 4 ಸೆಕೆಂಡು ಕೊನೆ ಬಿಟ್ಟ ಮರಗಳ ಚಿತ್ರ, ಮಾತಿಲ್ಲ. ಅಲ್ಲಿ ಹಾಡು 40. ಮಾತು ಶುರುವಾಗುವ ಒಂದು ಸೆಕೆಂಡು ಮೊದಲೇ ಅದು ಇಳಿಯತೊಡಗಿ 8ಕ್ಕೆ ಬರುತ್ತದೆ. ಮಾತು ಬಂದ ಮೇಲೆ ಇಳಿಸಿದರೆ ಮೊದಲ ಎರಡು ಪದ ಹೋಗಿಬಿಡುತ್ತವೆ. ಮಳೆಗೆ ಮೊದಲು ಯಾಕೆ ಹೊಡೀಬೇಕು ಅನ್ನುವ ವಿವರಣೆ 15ನೇ ಸೆಕೆಂಡಿನವರೆಗೆ, ಹಾಡು 8ರಲ್ಲೇ.

15ರಿಂದ 45ರವರೆಗೆ ಅಳತೆ ಮತ್ತು ಕ್ರಮ. ಒಂದು ಕೆಜಿ, ಐವತ್ತು ಲೀಟರ್, ಯಾವುದಕ್ಕೆ ಯಾವುದು. ಇಲ್ಲಿ ಹಾಡನ್ನು ಪೂರ್ತಿ ಕತ್ತರಿಸಿ ತೆಗೆದೆವು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ. ಹಾಡು ಹೋಗಿ ಮೌನ ಆದ ಕೂಡಲೇ ನೋಡುವವನ ಕಿವಿ ನಿಮಿರುತ್ತದೆ, ಆಗ ಸಂಖ್ಯೆ ಹೇಳಬೇಕು. ಕತ್ತರಿಸಿದ ಎರಡೂ ತುದಿಗೆ ಅರ್ಧ ಅರ್ಧ ಸೆಕೆಂಡಿನ ಫೇಡ್ ಹಾಕಿ, ಇಲ್ಲದಿದ್ದರೆ "ಟಕ್" ಅನ್ನುವ ಸದ್ದು ಬರುತ್ತದೆ.

45ರಿಂದ 60ರವರೆಗೆ ಕೋಲಿನಲ್ಲಿ ತಿರುಗಿಸುವ, ನೀಲಿ ಬಣ್ಣ ಏಳುವ ಚಿತ್ರ, ಮಾತಿಲ್ಲ. ಹಾಡು 25ಕ್ಕೆ ಏರಿತು, ಜೊತೆಗೆ ಚಿತ್ರದ ಮೂಲ ಸದ್ದು, ಡ್ರಮ್ಮಿಗೆ ಕೋಲು ತಾಗುವುದು, ನೀರು ಹೊಯ್ಯುವುದು, ಅದನ್ನೂ ಉಳಿಸಿಕೊಂಡೆವು. 60ರಿಂದ 75 ಚಾಕುವಿನ ಪರೀಕ್ಷೆ. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಪದರ ಕಂಡರೆ ತುತ್ತ ಹೆಚ್ಚಿದೆ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇದೂ ತಪ್ಪಿ ಕೇಳಬಾರದ ಮಾತು, ಇಲ್ಲೂ ಹಾಡಿಲ್ಲ. ಕೊನೆಯ 5 ಸೆಕೆಂಡು ಹಾಡು ಬಂದು ಕರಗುತ್ತದೆ.

ಕೈನ್‌ಮಾಸ್ಟರ್‌ನಂಥ ಆ್ಯಪಿನಲ್ಲಿ ಹಾಡಿನ ಪಟ್ಟಿಯ ಮೇಲೆ ಚುಕ್ಕೆ ಇಟ್ಟು ಏರಿಳಿಸುವ ಸೌಲಭ್ಯ ಇದೆ. ಅದಿಲ್ಲದ ಆ್ಯಪಿನಲ್ಲಿ ಹಾಡನ್ನು ನಾಲ್ಕೈದು ತುಂಡು ಮಾಡಿ ಒಂದೊಂದಕ್ಕೂ ಬೇರೆ ಮಟ್ಟ ಕೊಡಿ. ಮಾತು ಬಂದಾಗ ತಾನೇ ಇಳಿಯುವ ಸ್ವಯಂಚಾಲಿತ ಸೌಲಭ್ಯವೂ ಕೆಲವು ಕಡೆ ಇರುತ್ತದೆ. ನನಗೆ ಅದು ಹಿಡಿಸೋದಿಲ್ಲ. ನೀವು ಉಸಿರು ತಗೊಂಡಾಗಲೆಲ್ಲ ಹಾಡು ಎದ್ದು ಬರುತ್ತದೆ, ವಾಕ್ಯದ ಕೊನೆಯ ಇಳಿದ ದನಿಯನ್ನು ಮಾತು ಮುಗಿಯಿತು ಅಂತ ತಿಳಿದು ಅಲ್ಲೂ ಏರುತ್ತದೆ.

ಮುಗಿದ ಮೇಲೆ ಇಯರ್‌ಫೋನ್ ತೆಗೆದಿಡಿ. ಇಯರ್‌ಫೋನಿನಲ್ಲಿ ಎಲ್ಲವೂ ಸ್ಪಷ್ಟ, ಅದರಲ್ಲಿ ತೀರ್ಮಾನ ಮಾಡಿದರೆ ಹಾಡು ಜೋರಾಗಿಯೇ ಉಳಿಯುತ್ತದೆ. ಫೋನಿನ ಸ್ಪೀಕರಿನಲ್ಲಿ, ಅರ್ಧ ಶಬ್ದದಲ್ಲಿ, ಒಂದು ಮಾರು ದೂರ ಇಟ್ಟು, ಪರದೆ ನೋಡದೆ ಕೇಳಿ. ಆಮೇಲೆ ಬ್ಲೂಟೂತ್ ಸ್ಪೀಕರಿನಲ್ಲಿ ಒಂದು ಸಲ, ಯಾಕೆಂದರೆ ಫೋನಿನಲ್ಲಿ ಕೇಳದ ಮಂದ್ರ ಅಲ್ಲಿ ಎದ್ದು ಬರಬಹುದು. ನೀವೊಬ್ಬರೇ ಕೇಳಿದರೆ ಪ್ರಯೋಜನ ಇಲ್ಲ. ಏನು ಹೇಳಿದ್ದೀರಿ ಅಂತ ನಿಮಗೆ ಮೊದಲೇ ಗೊತ್ತು, ಕೇಳಿಸದ್ದನ್ನೂ ತಲೆ ತುಂಬಿಕೊಳ್ಳುತ್ತದೆ. ನಾವು ಅವನ ಅಮ್ಮನಿಗೆ ಅಡುಗೆಮನೆಯಲ್ಲಿ ಒಂದೇ ಸಲ ಕೇಳಿಸಿ, ಅಳತೆ ಎಷ್ಟು, ಯಾವುದಕ್ಕೆ ಯಾವುದು ಹಾಕೋದು ಅಂತ ಕೇಳಿದೆವು. "ಸುಣ್ಣದ ನೀರಿಗೆ ತುತ್ತದ ನೀರು. ಅಷ್ಟೂ ಗೊತ್ತಾಗದಾ ನಂಗೆ?" ಅಂದರು. ಮೊದಲಿನ ವಿಡಿಯೋ ಅವರು ನೋಡಿರಲಿಲ್ಲ.

ಯೂಟ್ಯೂಬಿಗೆ ಹಾಕುವಾಗ ನೇರ `Public` ಮಾಡದೆ `Private` ಅಂತ ಹಾಕಿ, ಸ್ಟುಡಿಯೋದಲ್ಲಿ ಕಾಪಿರೈಟ್ ತಪಾಸಣೆ ಮುಗಿಯುವವರೆಗೆ ಕಾಯಿರಿ. ನೀವು ಹಾಕಿದ ಹಾಡು ಸರಿ ಇದ್ದರೂ ಚಿತ್ರದ ಮೂಲ ಸದ್ದಿನಲ್ಲಿ ಅಡಿಕೆ ಸುಲಿಯುವ ಚಪ್ಪರದ ರೇಡಿಯೋವೋ, ಜಾತ್ರೆಯ ಮೈಕೋ ಸೇರಿರಬಹುದು. ಅದನ್ನೂ ಯಂತ್ರ ಹಿಡಿಯುತ್ತದೆ. ಸೂಚನೆ ಬಂದರೆ ಆ ತುಂಡಿನ ಮೂಲ ಸದ್ದು ತೆಗೆದು, ಹಳೆಯದನ್ನು ಅಳಿಸಿ, ಹೊಸದಾಗಿ ಹಾಕಿ. ಊರಿನ ವಾಟ್ಸಾಪ್ ಗುಂಪಿಗೆ ಕಳಿಸೋದು ಇದೆಲ್ಲ ಆದ ಮೇಲೆ, ಕಡತವನ್ನಲ್ಲ, ಯೂಟ್ಯೂಬಿನ ಕೊಂಡಿಯನ್ನು. ಕಡತ ಒಬ್ಬರಿಂದೊಬ್ಬರಿಗೆ ಹೋಗಿಬಿಟ್ಟರೆ ತಿರುಗಿ ತರಲು ಆಗೋದಿಲ್ಲ. ನನ್ನ ಸ್ನೇಹಿತನ ಕೊಳಲಿನ ವಿಡಿಯೋ ಈ ವರ್ಷವೂ ಸಾಗರದ ಕಡೆಯ ಒಂದು ಗುಂಪಿನಲ್ಲಿ ಕಾಣಿಸಿಕೊಂಡಿತ್ತು.